ನೂರರಲ್ಲಿ ಹತ್ತು ಎಲ್ಲಿಂದ ಬಂತು?

ಆ ಚಿತ್ರವನ್ನು ಶಾಲೆಗೆ ಹೋದವರೆಲ್ಲ ನೋಡಿರುತ್ತಾರೆ. ಒಂದು ತ್ರಿಕೋನ, ಅದರೊಳಗೆ ಅಡ್ಡಡ್ಡವಾಗಿ ನಾಲ್ಕು ಮೆಟ್ಟಿಲು. ತಳದ ಮೆಟ್ಟಿಲಲ್ಲಿ ಹುಲ್ಲುಗಾವಲಿನ ಫೋಟೊ, ಅದರ ಮೇಲೆ ಮಿಡತೆ, ಅದರ ಮೇಲೆ ಕಪ್ಪೆ, ತುದಿಯಲ್ಲಿ ಹಾವು. ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ 10,000, 1,000, 100, 10 ಎಂಬ ಅಂಕಿಗಳು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಬಾಣದ ಮೇಲೂ ಒಂದೇ ಬರಹ: ಶೇಕಡಾ 10. ಹುಲ್ಲಿನಲ್ಲಿರುವ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಿಡತೆಗೆ, ಅದರ ಹತ್ತರಲ್ಲಿ ಒಂದು ಪಾಲು ಕಪ್ಪೆಗೆ, ಅದರ ಹತ್ತರಲ್ಲಿ ಒಂದು ಪಾಲು ಹಾವಿಗೆ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಸಿಗುತ್ತದೆ.

ಆದರೆ ಯಾವ ಮಿಡತೆಯೂ ಹುಲ್ಲನ್ನು ಹತ್ತು ಪಾಲು ಮಾಡಿ ಒಂದನ್ನು ಎತ್ತಿಕೊಂಡು ಹೋಗುವುದಿಲ್ಲ. ಈ ಅಂಕಿಯನ್ನು ಯಾರೋ ಎಲ್ಲಿಯೋ ಅಳೆದಿರಬೇಕು. ಅಳೆಯುವುದು ಹೇಗೆ ಎಂದು ಕೇಳಿದರೆ ಆ ಚಿತ್ರದಲ್ಲಿಯೇ ಒಂದು ತೊಡಕು ಕಾಣಿಸುತ್ತದೆ. ಫೋಟೊ ತೋರಿಸುವುದು ಒಂದು ಕ್ಷಣದಲ್ಲಿ ಅಲ್ಲಿ ಇರುವ ಹುಲ್ಲನ್ನು, ಮಿಡತೆಯನ್ನು, ಕಪ್ಪೆಯನ್ನು. ಪಕ್ಕದಲ್ಲಿರುವ ಶೇಕಡಾ ಅಂಕಿ ಹೇಳುವುದು ಒಂದು ವರ್ಷದ ಉದ್ದಕ್ಕೂ ಅವುಗಳ ಮೂಲಕ ಹರಿದುಹೋದ ಶಕ್ತಿಯನ್ನು. ಇರುವುದು ಬೇರೆ, ಹರಿಯುವುದು ಬೇರೆ. ಇದನ್ನು ತಿಳಿಯಲು, ಪ್ರತಿ ಮೆಟ್ಟಿಲಿನ ಲೆಕ್ಕವನ್ನೂ ನಿಜವಾಗಿ ಹಾಕಿದ ಒಂದು ಜಾಗಕ್ಕೆ ಹೋಗಬೇಕು.

ತಿಳಿನೀರಿನ ಬುಗ್ಗೆ

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಸಿಲ್ವರ್ ಸ್ಪ್ರಿಂಗ್ಸ್ ಎಂಬ ದೊಡ್ಡ ಬುಗ್ಗೆಯಿದೆ. ಸುಣ್ಣಕಲ್ಲಿನ ಪದರಗಳ ನಡುವಿನಿಂದ ಉಕ್ಕುವ ನೀರು ಅಲ್ಲಿಂದಲೇ ನದಿಯಾಗಿ ಹರಿಯುತ್ತದೆ. ತಳದಲ್ಲಿ ಓಡಾಡುವ ಮೀನು ದೋಣಿಯಲ್ಲಿ ಕುಳಿತವರಿಗೆ ಕಾಣುವಷ್ಟು ನೀರು ತಿಳಿಯಾಗಿರುವುದರಿಂದ, ಹತ್ತೊಂಬತ್ತನೇ ಶತಮಾನದಿಂದಲೂ ಅಲ್ಲಿ ಗಾಜಿನ ತಳದ ದೋಣಿಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ಬ್ರೂಸ್ ಮೋಜರ್ಟ್ ಎಂಬ ಛಾಯಾಗ್ರಾಹಕರು ದಶಕಗಳ ಕಾಲ ಅಲ್ಲಿಯೇ ನೀರೊಳಗಿನ ಚಿತ್ರಗಳನ್ನು ತೆಗೆದು ಹೆಸರಾದರು.

1950ರ ದಶಕದ ಆರಂಭದಲ್ಲಿ ಹೊವರ್ಡ್ ಓಡಮ್ ಎಂಬ ಪರಿಸರ ವಿಜ್ಞಾನಿ ತಮ್ಮ ಅಧ್ಯಯನಕ್ಕೆ ಈ ಬುಗ್ಗೆಯನ್ನು ಆರಿಸಿಕೊಂಡರು. ಅವರಿಗೆ ಬೇಕಾಗಿದ್ದುದು ಏರುಪೇರಿಲ್ಲದ ಜಾಗ. ಕಾಡಿನಲ್ಲೋ ಕೆರೆಯಲ್ಲೋ ಲೆಕ್ಕ ಹಾಕಲು ಹೊರಟರೆ ಮಳೆ, ಚಳಿ, ಪ್ರವಾಹ ಬಂದು ಎಲ್ಲವೂ ತಿಂಗಳಿಗೊಮ್ಮೆ ಬದಲಾಗುತ್ತದೆ. ಇಲ್ಲಿ ನೆಲದಾಳದಿಂದ ಬರುವ ನೀರಿನ ಉಷ್ಣತೆ ವರ್ಷವಿಡೀ ಸುಮಾರು 23 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರಿನಲ್ಲಿ ಕರಗಿರುವ ಲವಣಗಳೂ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಬಹುಮಟ್ಟಿಗೆ ಬಿಸಿಲು ಮಾತ್ರ.

ತಳದಲ್ಲಿ ಸ್ಯಾಜಿಟೇರಿಯಾ ಎಂಬ ಜಲಸಸ್ಯ ಪಟ್ಟಿಯಂಥ ಉದ್ದನೆಯ ಎಲೆಗಳನ್ನು ಚಾಚಿಕೊಂಡು ಹಾಸಿನಂತೆ ಬೆಳೆದಿರುತ್ತದೆ. ಒಂದು ಎಲೆಯನ್ನು ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಕಂದು-ಹಸಿರು ಬಣ್ಣದ, ಮುಟ್ಟಿದರೆ ಲೋಳೆ ಹತ್ತುವ ಪಾಚಿಯ ಪದರವಿರುತ್ತದೆ. ದೂರದ ಫೋಟೊದಲ್ಲಿ ಕಾಣುವುದು ಎಲೆ. ಆದರೆ ಬಸವನಹುಳುಗಳು, ಸಣ್ಣ ಕೀಟಗಳ ಮರಿಹುಳುಗಳು, ಕೆಲವು ಮೀನುಗಳು ಮೇಯುವುದು ಹೆಚ್ಚಾಗಿ ಆ ಪದರವನ್ನು. ಆಮೆಗಳು ಎಲೆಯನ್ನೂ ತಿನ್ನುತ್ತವೆ. ಇವುಗಳನ್ನು ತಿನ್ನುವ ಸಣ್ಣ ಮೀನುಗಳು ಮೂರನೇ ಮೆಟ್ಟಿಲಿನವು. ಆ ಮೀನುಗಳನ್ನು ತಿನ್ನುವ ಬಾಸ್, ಗಾರ್‌ನಂಥ ದೊಡ್ಡ ಬೇಟೆಮೀನುಗಳು ತುದಿಯಲ್ಲಿರುವವು.

ಶಕ್ತಿಯನ್ನು ಅಳೆದ ಬಗೆ

ಹಸಿರು ಎಲೆ ಬಿಸಿಲನ್ನು ಹಿಡಿದು ಸಕ್ಕರೆ ಮಾಡುವಾಗ ಆಮ್ಲಜನಕವನ್ನು ಹೊರಬಿಡುತ್ತದೆ. ಎಷ್ಟು ಸಕ್ಕರೆಗೆ ಎಷ್ಟು ಆಮ್ಲಜನಕ ಎಂಬುದು ರಸಾಯನಶಾಸ್ತ್ರದಲ್ಲಿ ಗೊತ್ತಿರುವ ಲೆಕ್ಕ. ಹಾಗಾಗಿ ಬುಗ್ಗೆಯ ಬಾಯಲ್ಲಿ ನೀರಿನಲ್ಲಿರುವ ಆಮ್ಲಜನಕವನ್ನು ಅಳೆದು, ಅದೇ ನೀರು ಸಸ್ಯಗಳ ಮೇಲೆ ಹಾದು ಕೆಳಗೆ ಹರಿದ ಮೇಲೆ ಮತ್ತೊಮ್ಮೆ ಅಳೆದರೆ, ನಡುವಿನ ಹೆಚ್ಚಳ ಸಸ್ಯಗಳು ಮಾಡಿದ ಕೆಲಸವನ್ನು ಹೇಳುತ್ತದೆ. ನೀರಿನಿಂದ ಗಾಳಿಗೆ ಸೋರಿಹೋಗುವ ಆಮ್ಲಜನಕಕ್ಕೆ ತಿದ್ದುಪಡಿ ಮಾಡಿಕೊಳ್ಳಬೇಕು, ಅಷ್ಟೆ. ರಾತ್ರಿ ಸಕ್ಕರೆ ಮಾಡುವ ಕೆಲಸ ನಿಂತಿರುತ್ತದೆ, ಆದರೆ ಸಸ್ಯಗಳೂ ಪ್ರಾಣಿಗಳೂ ಉಸಿರಾಡುತ್ತಲೇ ಇರುತ್ತವೆ. ಆದ್ದರಿಂದ ರಾತ್ರಿಯ ಅಳತೆಯಿಂದ ಉಸಿರಾಟದ ಖರ್ಚು ಗೊತ್ತಾಗುತ್ತದೆ. ಹಗಲಿನ ಹೆಚ್ಚಳಕ್ಕೆ ಆ ಖರ್ಚನ್ನು ಕೂಡಿಸಿದರೆ ಸಸ್ಯಗಳ ಒಟ್ಟು ಉತ್ಪಾದನೆ ಸಿಗುತ್ತದೆ. ಇದರ ಜೊತೆಗೆ ಪ್ರಾಣಿಗಳನ್ನು ಎಣಿಸುವ, ತೂಗುವ, ಅವುಗಳ ಉಸಿರಾಟವನ್ನು ಅಂದಾಜು ಮಾಡುವ ಕೆಲಸವೂ ನಡೆಯಿತು. ಪ್ರವಾಸಿಗರು ದೋಣಿಯಿಂದ ಮೀನುಗಳಿಗೆ ಎಸೆಯುವ ಬ್ರೆಡ್ಡನ್ನೂ ಓಡಮ್ ಹೊರಗಿನಿಂದ ಬಂದ ಶಕ್ತಿ ಎಂದು ಲೆಕ್ಕಕ್ಕೆ ಹಿಡಿದರು.

1957ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಎಲ್ಲ ಅಂಕಿಗಳೂ ಒಂದೇ ಅಳತೆಯಲ್ಲಿವೆ: ಒಂದು ಚದರ ಮೀಟರ್ ಜಾಗಕ್ಕೆ, ಒಂದು ವರ್ಷಕ್ಕೆ, ಎಷ್ಟು ಕಿಲೊಕ್ಯಾಲೊರಿ. ವಯಸ್ಕರೊಬ್ಬರ ಒಂದು ದಿನದ ಊಟದಲ್ಲಿ ಸುಮಾರು 2,000 ಕಿಲೊಕ್ಯಾಲೊರಿ ಇರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಅಂಕಿಗಳು ಅಂದಾಜಿಗೆ ಸಿಗುತ್ತವೆ.

ಮೆಟ್ಟಿಲು ಮೆಟ್ಟಿಲಾಗಿ

ಆ ಒಂದು ಚದರ ಮೀಟರಿನ ಮೇಲೆ ವರ್ಷಕ್ಕೆ ಬಿದ್ದ ಬಿಸಿಲು 17 ಲಕ್ಷ ಕಿಲೊಕ್ಯಾಲೊರಿ. ಸಸ್ಯಗಳು ಅದರಲ್ಲಿ ಸಕ್ಕರೆಯಾಗಿ ಕಟ್ಟಿಟ್ಟಿದ್ದು 20,810 ಮಾತ್ರ, ಅಂದರೆ ನೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಬಹುಪಾಲು ಬಿಸಿಲು ನೀರಿನ ಮೇಲ್ಮೈಯಲ್ಲಿ ಪ್ರತಿಫಲಿಸಿತು, ನೀರನ್ನು ಬೆಚ್ಚಗೆ ಮಾಡಿತು, ಅಥವಾ ಎಲೆಗೆ ಉಪಯೋಗಕ್ಕೆ ಬಾರದ ಬಣ್ಣದ ಬೆಳಕಾಗಿತ್ತು. ಎಲೆಗಳವರೆಗೆ ತಲುಪಿ ಹೀರಲ್ಪಟ್ಟ ಬೆಳಕು 4,10,000. ಅದರ ಮೇಲೆ ಲೆಕ್ಕ ಹಾಕಿದರೆ ಸಸ್ಯಗಳ ಸಾಧನೆ ಶೇಕಡಾ 5. ಮೊದಲ ಮೆಟ್ಟಿಲಲ್ಲೇ ಶೇಕಡಾ ಅಂಕಿ ಒಂದೋ ಐದೋ ಎಂಬುದು, ಯಾವುದರಲ್ಲಿ ನೂರು ಎಂದು ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ.

ಈ 20,810ರಲ್ಲಿ 11,977 ಕಿಲೊಕ್ಯಾಲೊರಿಯನ್ನು ಸಸ್ಯಗಳು ತಮ್ಮ ಉಸಿರಾಟಕ್ಕೇ ಬಳಸಿಕೊಂಡವು. ಬದುಕಿರಲು ಎಲೆಗೂ ಖರ್ಚಿದೆ. ಆ ಶಕ್ತಿ ಶಾಖವಾಗಿ ಹೋಯಿತು, ಅದನ್ನು ಇನ್ಯಾವ ಜೀವಿಯೂ ತಿನ್ನಲಾರದು. ಹೊಸ ಎಲೆ, ಹೊಸ ಪಾಚಿಯಾಗಿ ಬೆಳೆದು ಉಳಿದದ್ದು 8,833.

ಬಸವನಹುಳು, ಆಮೆ, ಮರಿಹುಳುಗಳೆಲ್ಲ ಸೇರಿ ತಿಂದು ಅರಗಿಸಿಕೊಂಡದ್ದು 3,368. ಸಸ್ಯಗಳ ಒಟ್ಟು ಉತ್ಪಾದನೆಯಲ್ಲಿ ಇದು ಶೇಕಡಾ 16. ಅದರಲ್ಲಿ 1,890ನ್ನು ಅವು ಓಡಾಟಕ್ಕೆ, ಉಸಿರಾಟಕ್ಕೆ ಬಳಸಿದವು. ಮೈಯಾಗಿ ಬೆಳೆದದ್ದು 1,478.

ಇವುಗಳನ್ನು ತಿನ್ನುವ ಮೀನುಗಳಿಗೆ ದಕ್ಕಿದ್ದು 383, ಅಂದರೆ ಹಿಂದಿನ ಮೆಟ್ಟಿಲಿನ 3,368ರಲ್ಲಿ ಶೇಕಡಾ 11. ಬೇಟೆಯಾಡುವ ಮೀನಿನ ಬದುಕು ದುಬಾರಿ. ಎಲೆಯ ಮೇಲೆ ಅಂಟಿಕೊಂಡು ಮೇಯುವ ಬಸವನಹುಳುವಿನಂತೆ ಅದು ಇದ್ದಲ್ಲೇ ಇರಲಾರದು, ಹುಡುಕಬೇಕು, ಅಟ್ಟಿಸಿಕೊಂಡು ಹೋಗಬೇಕು. 383ರಲ್ಲಿ 316 ಅದಕ್ಕೇ ಹೋಯಿತು. ಉಳಿದದ್ದು 67.

ತುದಿಯ ಬೇಟೆಮೀನುಗಳಿಗೆ ಸಿಕ್ಕಿದ್ದು 21, ಅಂದರೆ 383ರಲ್ಲಿ ಶೇಕಡಾ ಐದೂವರೆ. ಅದರಲ್ಲಿ 13 ಖರ್ಚಾಗಿ, ಮೈಗೆ ಸೇರಿದ್ದು ಹೆಚ್ಚುಕಡಿಮೆ 6. ಒಬ್ಬ ಮನುಷ್ಯನಿಗೆ ಹತ್ತು ದಿನದ ಊಟಕ್ಕೆ ಸಾಕಾಗುವಷ್ಟು ಶಕ್ತಿಯಿಂದ ಆರಂಭವಾದ ಲೆಕ್ಕ, ನಾಲ್ಕನೇ ಮೆಟ್ಟಿಲಿಗೆ ಬರುವಾಗ ಒಂದು ಸಣ್ಣ ಬಿಸ್ಕತ್ತಿಗೆ ಇಳಿದಿತ್ತು. ಐದನೇ ಮೆಟ್ಟಿಲನ್ನು ಕಟ್ಟಲು ಅಲ್ಲಿ ಏನೂ ಉಳಿದಿರಲಿಲ್ಲ. ಆಹಾರ ಸರಪಳಿಗಳು ಸಾಮಾನ್ಯವಾಗಿ ನಾಲ್ಕೈದು ಕೊಂಡಿಗಳಿಗೇ ನಿಲ್ಲುವುದಕ್ಕೆ ಇದೊಂದು ಮುಖ್ಯ ಕಾರಣ.

16, 11, 5.5. ಮೂರೂ ಅಂಕಿಗಳು ಬೇರೆಬೇರೆ, ಯಾವುದೂ ಹತ್ತಲ್ಲ. ಮೂರರ ಸರಾಸರಿ ತೆಗೆದರೆ ಹನ್ನೊಂದರ ಹತ್ತಿರ ಬರುತ್ತದೆ.

ಅದೇ ಬುಗ್ಗೆ, ಬೇರೆ ಶೇಕಡಾ

ಮೇಲಿನ ಲೆಕ್ಕದಲ್ಲಿ ಒಂದು ಮೆಟ್ಟಿಲು ಅರಗಿಸಿಕೊಂಡದ್ದನ್ನು ಹಿಂದಿನ ಮೆಟ್ಟಿಲು ಅರಗಿಸಿಕೊಂಡದ್ದರ ಜೊತೆ ಹೋಲಿಸಿದೆವು. ಇನ್ನೊಂದು ದಾರಿಯೂ ಇದೆ: ಮೈಯಾಗಿ ಬೆಳೆದದ್ದನ್ನು ಮೈಯಾಗಿ ಬೆಳೆದದ್ದರ ಜೊತೆ ಹೋಲಿಸುವುದು. ಆಗ 8,833ಕ್ಕೆ 1,478, ಶೇಕಡಾ 17. 1,478ಕ್ಕೆ 67, ಶೇಕಡಾ ನಾಲ್ಕೂವರೆ. 67ಕ್ಕೆ 6, ಶೇಕಡಾ 9. ಮೊದಲ ಬಗೆಯಲ್ಲಿ ಅಂಕಿ ಮೇಲೆ ಹೋದಂತೆ ಇಳಿಯುತ್ತಲೇ ಇತ್ತು. ಎರಡನೇ ಬಗೆಯಲ್ಲಿ ನಡುವೆ ತಗ್ಗಿ ತುದಿಯಲ್ಲಿ ಏರಿತು. ಬುಗ್ಗೆ ಅದೇ, ಮೀನು ಅದೇ, ಅಳತೆ ಅದೇ. ಎರಡೂ ಲೆಕ್ಕ ಸರಿ. ಚಿತ್ರದ ಬಾಣದ ಮೇಲೆ ಶೇಕಡಾ ಎಂದಷ್ಟೇ ಬರೆದಾಗ ಈ ಎರಡರಲ್ಲಿ ಯಾವುದು ಎಂಬುದು ಗೊತ್ತಾಗುವುದಿಲ್ಲ. ಎರಡು ಪುಸ್ತಕಗಳಲ್ಲಿ ಒಂದೇ ಜಾಗಕ್ಕೆ ಬೇರೆಬೇರೆ ಅಂಕಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ಫೋಟೊ ಏನು ಹೇಳುತ್ತದೆ ನೋಡೋಣ. ಓಡಮ್ ಅದೇ ಬುಗ್ಗೆಯಲ್ಲಿ ಒಂದು ಚದರ ಮೀಟರಿನಲ್ಲಿರುವ ಜೀವಿಗಳ ಒಣತೂಕವನ್ನೂ ಕೊಟ್ಟಿದ್ದಾರೆ. ಸಸ್ಯಗಳು 809 ಗ್ರಾಂ, ಅವನ್ನು ತಿನ್ನುವವು 37 ಗ್ರಾಂ, ಅವುಗಳನ್ನು ತಿನ್ನುವವು 11 ಗ್ರಾಂ, ತುದಿಯವು ಒಂದೂವರೆ ಗ್ರಾಂ. ಕ್ಯಾಮೆರಾಕ್ಕೆ ಕಾಣುವುದು ಈ ತೂಕ. ಇದನ್ನೇ ಶೇಕಡಾಕ್ಕೆ ಇಳಿಸಿದರೆ ಮೊದಲ ಮೆಟ್ಟಿಲಿಗೆ ನಾಲ್ಕೂವರೆ, ಎರಡನೆಯದಕ್ಕೆ 30, ಮೂರನೆಯದಕ್ಕೆ 14 ಸಿಗುತ್ತದೆ. ಸಸ್ಯ ತಿನ್ನುವವುಗಳ ಮೂರನೇ ಒಂದು ಪಾಲಿನಷ್ಟು ತೂಕದ ಮೀನುಗಳು ಅಲ್ಲಿವೆ, ಆದರೆ ಅವುಗಳಿಗೆ ಹರಿದುಬಂದ ಶಕ್ತಿ ಶೇಕಡಾ 11 ಮಾತ್ರ. ಮರಿಹುಳುಗಳು ವಾರಗಳಲ್ಲಿ ಹುಟ್ಟಿ ಬೆಳೆದು ಮುಗಿದುಹೋಗುತ್ತವೆ, ಅವುಗಳ ಜಾಗದಲ್ಲಿ ಹೊಸವು ಬರುತ್ತವೆ. ಮೀನು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬೇಗ ಬಂದು ಬೇಗ ಹೋಗುವ ಜೀವಿಯ ಮೂಲಕ ಹೆಚ್ಚು ಶಕ್ತಿ ಹರಿದರೂ ಫೋಟೊ ತೆಗೆದ ಕ್ಷಣದಲ್ಲಿ ಅದು ಕಡಿಮೆಯಾಗಿಯೇ ಕಾಣುತ್ತದೆ.

ಸಮುದ್ರದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಾಲುವೆಯಲ್ಲಿ ಚದರ ಮೀಟರಿಗೆ ಸೂಕ್ಷ್ಮ ಸಸ್ಯಗಳು 4 ಗ್ರಾಂ ಇದ್ದರೆ ಅವನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳು 21 ಗ್ರಾಂ ಎಂಬ ಪ್ರಸಿದ್ಧ ಲೆಕ್ಕವಿದೆ. ತೂಕದ ಪಿರಮಿಡ್ ಅಲ್ಲಿ ತಲೆಕೆಳಗು. ಆ ಸಸ್ಯಗಳು ಕೆಲವೇ ದಿನಗಳಲ್ಲಿ ಇಮ್ಮಡಿಸುತ್ತವೆ, ಹುಟ್ಟಿದಂತೆಲ್ಲ ತಿನ್ನಲ್ಪಡುತ್ತವೆ, ಆದ್ದರಿಂದ ಯಾವ ಕ್ಷಣದಲ್ಲಿ ತೂಗಿದರೂ ಸ್ವಲ್ಪವೇ ಸಿಗುತ್ತವೆ. ವರ್ಷದ ಶಕ್ತಿಯ ಲೆಕ್ಕ ಹಾಕಿದರೆ ಪಿರಮಿಡ್ ಮತ್ತೆ ನೇರವಾಗುತ್ತದೆ. ಶಕ್ತಿಯ ಪಿರಮಿಡ್ ಎಂದೂ ತಲೆಕೆಳಗಾಗಲಾರದು, ಏಕೆಂದರೆ ಬಂದದ್ದಕ್ಕಿಂತ ಹೆಚ್ಚನ್ನು ಯಾವ ಮೆಟ್ಟಿಲೂ ಮುಂದಕ್ಕೆ ಕೊಡಲಾರದು.

ಚಿತ್ರದಲ್ಲಿ ಜಾಗವಿಲ್ಲದವರು

ಉಳಿದ ತೊಂಬತ್ತು ಭಾಗ ಎಲ್ಲಿಗೆ ಹೋಯಿತು ಎಂದು ಮಕ್ಕಳು ಕೇಳಿದಾಗ ‘ಶಾಖವಾಗಿ ಹೋಯಿತು’ ಎಂಬ ಉತ್ತರ ಸಿಗುತ್ತದೆ. ಅದು ಅರ್ಧ ಉತ್ತರ. ಒಂದು ಮೆಟ್ಟಿಲಿನ ಶಕ್ತಿ ಮುಂದಿನ ಮೆಟ್ಟಿಲಿಗೆ ಹೋಗದೆ ತಪ್ಪಿಹೋಗಲು ಮೂರು ದಾರಿಗಳಿವೆ. ಒಂದು, ಉಸಿರಾಟ. ಎರಡು, ತಿನ್ನದೆ ಉಳಿದದ್ದು: ಒಣಗಿ ಬಿದ್ದ ಎಲೆ, ಯಾರ ಬಾಯಿಗೂ ಸಿಗದೆ ಸತ್ತ ಬಸವನಹುಳು. ಮೂರು, ತಿಂದರೂ ಅರಗದೆ ಹಿಕ್ಕೆಯಾಗಿ ಹೊರಬಿದ್ದದ್ದು. ಮೊದಲನೆಯದು ಮಾತ್ರ ಕೂಡಲೇ ಶಾಖವಾಗುತ್ತದೆ. ಉಳಿದ ಎರಡರಲ್ಲಿ ಶಕ್ತಿ ಇನ್ನೂ ಇದೆ, ಅದಕ್ಕೆ ತಿನ್ನುವವರೂ ಇದ್ದಾರೆ. ಅವರೇ ಬ್ಯಾಕ್ಟೀರಿಯಾ, ಶಿಲೀಂಧ್ರದಂಥ ವಿಘಟಕರು.

ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ವಿಘಟಕರಿಗೆ ಹರಿದ ಶಕ್ತಿ 5,060 ಕಿಲೊಕ್ಯಾಲೊರಿ. ಸಸ್ಯ ತಿನ್ನುವ ಎಲ್ಲ ಪ್ರಾಣಿಗಳಿಗೆ ಸಿಕ್ಕ 3,368ಕ್ಕಿಂತ ಇದು ಎಷ್ಟೋ ಹೆಚ್ಚು. ಅವು ಉಸಿರಾಟಕ್ಕೆ ಬಳಸಿದ್ದು 4,600. ಬಸವನಹುಳುವಿನಿಂದ ಬೇಟೆಮೀನಿನವರೆಗೆ ಎಲ್ಲ ಪ್ರಾಣಿಗಳ ಉಸಿರಾಟ ಕೂಡಿಸಿದರೂ 2,219. ಅಂದರೆ ಆ ಬುಗ್ಗೆಯಲ್ಲಿ ಪ್ರಾಣಿಗಳೆಲ್ಲ ಸೇರಿ ಮಾಡುವ ಖರ್ಚಿನ ಎರಡರಷ್ಟನ್ನು ಕಣ್ಣಿಗೆ ಕಾಣದ ಈ ಜೀವಿಗಳು ಮಾಡುತ್ತವೆ. ಅವುಗಳ ಒಣತೂಕ ಚದರ ಮೀಟರಿಗೆ ಬರೀ 5 ಗ್ರಾಂ. ಫೋಟೊಗೆ ಸಿಗುವುದಿಲ್ಲ ಎಂಬ ಕಾರಣಕ್ಕೆ ಪಿರಮಿಡ್ಡಿನ ಚಿತ್ರದಲ್ಲಿ ಇವುಗಳಿಗೆ ಮೆಟ್ಟಿಲಿಲ್ಲ. ಸಸ್ಯಗಳನ್ನು ಬಿಟ್ಟರೆ ಇಡೀ ಲೆಕ್ಕದ ಅತಿದೊಡ್ಡ ಪಾಲುದಾರರೇ ಚಿತ್ರದಿಂದ ಹೊರಗೆ ಉಳಿದಿದ್ದಾರೆ.

ಕೊನೆಗೆ 2,500 ಕಿಲೊಕ್ಯಾಲೊರಿ ಯಾರಿಗೂ ದಕ್ಕದೆ, ಕೊಚ್ಚಿಹೋದ ಎಲೆಚೂರು, ಪಾಚಿಯಾಗಿ ನದಿಯ ಜೊತೆ ಕೆಳಗೆ ಹರಿಯಿತು. ಸಸ್ಯಗಳು ಕಟ್ಟಿದ 20,810ಕ್ಕೆ ಬ್ರೆಡ್ಡು ಮುಂತಾಗಿ ಹೊರಗಿನಿಂದ ಬಂದ 486ನ್ನು ಕೂಡಿಸಿ ನೋಡಿ: 21,296. ಎಲ್ಲ ಜೀವಿಗಳ ಉಸಿರಾಟ 18,796, ಹರಿದುಹೋದದ್ದು 2,500, ಕೂಡಿದರೆ ಅದೂ 21,296. ಲೆಕ್ಕ ಎರಡೂ ಕಡೆ ಸರಿಹೊಂದುತ್ತದೆ.

ಹಾಗಾದರೆ ಹತ್ತು ಎಂದು ಬರೆಯುವುದೇಕೆ?

ಓಡಮ್‌ಗಿಂತ ಮೊದಲು, ಮಿನೆಸೋಟಾದ ಸೀಡರ್ ಬಾಗ್ ಎಂಬ ಸಣ್ಣ ಕೆರೆಯಲ್ಲಿ ರೇಮಂಡ್ ಲಿಂಡೆಮನ್ ಎಂಬ ಯುವಕ ಇದೇ ಬಗೆಯ ಲೆಕ್ಕ ಹಾಕಿದ್ದರು. ಶಕ್ತಿಯ ಹರಿವಿನ ಮೂಲಕ ಇಡೀ ಕೆರೆಯನ್ನು ಅರ್ಥಮಾಡಿಕೊಳ್ಳುವ ಅವರ ಪ್ರಬಂಧವನ್ನು ಪರಿಶೀಲಕರು ಮೊದಲು ತಿರಸ್ಕರಿಸಿದರು. 1942ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಲಿಂಡೆಮನ್ ಕಾಯಿಲೆಯಿಂದ ತೀರಿಕೊಂಡಿದ್ದರು. ಆಗ ಅವರಿಗೆ 26 ವರ್ಷ. ಅವರ ಕೆರೆಯಲ್ಲಿ ಸಸ್ಯದಿಂದ ಸಸ್ಯಾಹಾರಿಗೆ ಶೇಕಡಾ 13, ಅಲ್ಲಿಂದ ಮಾಂಸಾಹಾರಿಗೆ ಶೇಕಡಾ 22 ಬಂದಿತ್ತು. ಬುಗ್ಗೆಯಲ್ಲಿ ಮೇಲೆ ಹೋದಂತೆ ಇಳಿದ ಅಂಕಿ ಕೆರೆಯಲ್ಲಿ ಏರಿತ್ತು.

ಮುಂದೆ 1995ರಲ್ಲಿ ಡೇನಿಯಲ್ ಪೌಲಿ ಮತ್ತು ವಿಲ್ಲಿ ಕ್ರಿಸ್ಟೆನ್ಸನ್ ಎಂಬ ಮೀನುಗಾರಿಕೆ ವಿಜ್ಞಾನಿಗಳು ಜಲಪರಿಸರಗಳ 48 ಲೆಕ್ಕಗಳನ್ನು ಒಟ್ಟುಗೂಡಿಸಿ ನೋಡಿದರು. ಅಂಕಿಗಳು ಶೇಕಡಾ 2ರಿಂದ 24ರವರೆಗೆ ಹರಡಿದ್ದವು. ಸರಾಸರಿ ಮಾತ್ರ 10.1. ಹತ್ತು ಎಂಬುದು ಹೀಗೆ ಬಹಳಷ್ಟು ಜಾಗಗಳ ನಡುಬಿಂದು. ಒಂದು ಕೆರೆಗೋ ಕಾಡಿಗೋ ಅದನ್ನು ನಿಯಮದಂತೆ ಹಚ್ಚಿದರೆ ಐದು ಪಟ್ಟು ತಪ್ಪುವ ಸಾಧ್ಯತೆಯಿದೆ, ಮೆಟ್ಟಿಲು ಹೆಚ್ಚಿದಂತೆ ಆ ತಪ್ಪು ಗುಣಿಸುತ್ತಾ ಹೋಗುತ್ತದೆ. ತಣ್ಣನೆ ರಕ್ತದ ಕೀಟ ತಾನು ಅರಗಿಸಿಕೊಂಡ ಶಕ್ತಿಯ ಗಣನೀಯ ಪಾಲನ್ನು ಮೈಯಾಗಿಸಬಲ್ಲದು. ಮೈಯನ್ನು ಸದಾ ಬೆಚ್ಚಗಿಟ್ಟುಕೊಳ್ಳಬೇಕಾದ ಹಕ್ಕಿ ಅಥವಾ ಸಸ್ತನಿಗೆ ಅದು ನೂರರಲ್ಲಿ ಒಂದೆರಡು ಮಾತ್ರ. ಮಿಡತೆ, ಕಪ್ಪೆ, ಹದ್ದು ಮೂವರಿಗೂ ಒಂದೇ ಹತ್ತನ್ನು ಬರೆದಾಗ ಮರೆಯಾಗುವುದು ಈ ವ್ಯತ್ಯಾಸ.

ನಾಗರಹೊಳೆಯ ಇನ್ನೊಂದು ಹತ್ತು

ನಮ್ಮ ಕಾಡಿನಲ್ಲೂ ಒಂದು ಶೇಕಡಾ 10 ಇದೆ, ಅದರ ಹಿಂದೆ ನಿಜವಾದ ಫೋಟೊಗಳಿವೆ. ಉಲ್ಲಾಸ ಕಾರಂತ ಮತ್ತು ಸಂಗಡಿಗರು ನಾಗರಹೊಳೆಯಲ್ಲಿ 1990ರ ದಶಕದಿಂದ ಸ್ವಯಂಚಾಲಿತ ಕ್ಯಾಮೆರಾಗಳಿಂದ ಹುಲಿಗಳ ಚಿತ್ರ ತೆಗೆದು, ಮೈಮೇಲಿನ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. ನೇರ ಗೆರೆಯಲ್ಲಿ ನಡೆದು, ಕಂಡ ಜಿಂಕೆ, ಕಡವೆ, ಕಾಟಿಗಳನ್ನು ಲೆಕ್ಕ ಹಾಕುವ ಕೆಲಸವೂ ಜೊತೆಗೆ ನಡೆಯಿತು. ದೇಶದ 11 ಕಡೆಗಳ ಇಂಥ ಎಣಿಕೆಗಳನ್ನಿಟ್ಟುಕೊಂಡು 2004ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಒಂದು ಕಾಡಿನ ಬಲಿಪ್ರಾಣಿಗಳಲ್ಲಿ ಹುಲಿಗಳು ವರ್ಷಕ್ಕೆ ಸುಮಾರು ಶೇಕಡಾ 10ನ್ನು ತೆಗೆಯುತ್ತವೆ ಎಂಬ ಎಣಿಕೆ ಹೊಲದ ಅಂಕಿಗಳಿಗೆ ಹೊಂದುತ್ತದೆ ಎಂದು ತೋರಿಸಿತು.

ಈ ಹತ್ತು ಪಿರಮಿಡ್ಡಿನ ಹತ್ತಲ್ಲ. ಅದು ಶಕ್ತಿಯ ಪಾಲು, ಇದು ತಲೆಗಳ ಎಣಿಕೆ. ಬಲಿಪ್ರಾಣಿಗಳು ವರ್ಷದಲ್ಲಿ ಮರಿ ಹಾಕಿ ತುಂಬಿಕೊಳ್ಳಬಲ್ಲ ನಷ್ಟದಲ್ಲಿ ಹುಲಿಗೆ ಸಿಗುವ ಪಾಲು. ಉಳಿದದ್ದು ಚಿರತೆ, ಕೆನ್ನಾಯಿ, ರೋಗ, ಬರಗಾಲಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ಆದರೆ ಎರಡಕ್ಕೂ ಕಾರಣ ಒಂದೇ: ಮೇಲಿನ ಮೆಟ್ಟಿಲನ್ನು ಹೊರುವುದು ಕೆಳಗಿನ ಮೆಟ್ಟಿಲಿನ ವರ್ಷದ ಹೊಸ ಬೆಳವಣಿಗೆ.

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಪ್ರಾಣಿಗಳು ಬೇಕು. ಹತ್ತರಲ್ಲಿ ಒಂದರ ಲೆಕ್ಕದಲ್ಲಿ, ಅಷ್ಟನ್ನು ಕೊಡಲು ಕಾಡಿನಲ್ಲಿ 500 ಪ್ರಾಣಿಗಳು ಸದಾ ಇರಬೇಕು. ಉರುಳು ಹಾಕಿ ಜಿಂಕೆಗಳನ್ನು ಹಿಡಿಯುವವರಿಂದ ಆ 500 ಇಳಿದು 250 ಆದರೆ, ಯಾರೂ ಹುಲಿಗೆ ಗುಂಡು ಹಾರಿಸದಿದ್ದರೂ ಅಲ್ಲಿ ಅರ್ಧ ಹುಲಿಗೆ ಸಾಕಾಗುವಷ್ಟು ಆಹಾರ ಮಾತ್ರ ಉಳಿಯುತ್ತದೆ. ಹಾಗಾಗಿ ಒಂದು ಕಾಡು ಎಷ್ಟು ಹುಲಿಗಳನ್ನು ಸಾಕಬಲ್ಲದು ಎಂದು ತಿಳಿಯಬೇಕಾದವರು ಹುಲಿಯ ಫೋಟೊ ಎಣಿಸಿದರೆ ಸಾಲದು, ಜಿಂಕೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಬೇಕು.